ಕಾರ್ಟೂನ್ ಮಾಡುವ ಮುಂಚೆಯೇ ಲೊಕೇಶನ್ ತೆಗೆಯಿರಿ

ಪ್ರಶ್ನೆ: ನಾವು ತುಮಕೂರಿನಲ್ಲಿದ್ದೇವೆ. ಮಗಳ ಹುಟ್ಟುಹಬ್ಬದ ಫೋಟೊ ಕಾರ್ಟೂನ್ ತರಹ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕೋಣ ಅಂತಿದ್ದೇನೆ. ಮುಖ ಹೇಗೂ ಬದಲಾಗಿರುತ್ತಲ್ಲ, ಲೊಕೇಶನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಅದೂ ಕಾರ್ಟೂನ್ ಮಾಡುವುದಕ್ಕೂ ಮುಂಚೆ. ಫೋಟೊ ತೆಗೆದ ಜಾಗವನ್ನು ಫೋನ್ ಅಕ್ಷಾಂಶ, ರೇಖಾಂಶವಾಗಿ ಆ ಫೈಲಿನೊಳಗೇ ಬರೆದಿಟ್ಟಿರಬಹುದು. ಇನ್‌ಸ್ಟಾಗ್ರಾಮ್ ಬೇರೆಯವರಿಗೆ ತೋರಿಸುವ ಚಿತ್ರದಲ್ಲಿ ಆ ಲೊಕೇಶನ್ ಉಳಿದಿರುವುದಿಲ್ಲ. ಆದರೆ ಕಾರ್ಟೂನ್ ಆ್ಯಪ್‌ಗಳಲ್ಲಿ ತುಂಬಾ ಆ್ಯಪ್‌ಗಳು ಮೂಲ ಫೋಟೊವನ್ನೇ ತಮ್ಮ ಸರ್ವರ್‌ಗೆ ತರಿಸಿಕೊಂಡು ಕಾರ್ಟೂನ್ ಮಾಡುತ್ತವೆ. ಅಂದರೆ ಮಗುವಿನ ನಿಜವಾದ ಮುಖ ಆಗಲೇ ಹೋಗಿರುತ್ತದೆ. ಫೈಲಿನಲ್ಲಿ ಲೊಕೇಶನ್ ಇದ್ದರೆ ಅದೂ ಜೊತೆಗೆ ಹೋಗಬಹುದು.

ದೇವರಾಯನದುರ್ಗದಲ್ಲಿ ತೆಗೆದ ಫೋಟೊ ಆದರೆ ನಾನು ಅಷ್ಟು ಚಿಂತಿಸುವುದಿಲ್ಲ. ಅಲ್ಲಿಗೆ ಯಾವತ್ತೋ ಒಂದಿನ ಹೋಗಿರುತ್ತೀರಿ, ಅಷ್ಟೇ. ಮನೆ ಬಾಗಿಲಲ್ಲಿ ತೆಗೆದದ್ದು ಹಾಗಲ್ಲ. ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ನಾಲ್ಕನೇ ಅಂಕಿ ಅಂದರೆ ಸುಮಾರು 11 ಮೀಟರ್ ಲೆಕ್ಕ. ಜಿಪಿಎಸ್ ಸರಿಯಾಗಿ ಸಿಕ್ಕಿದ್ದರೆ ನಿಮ್ಮ ಬೀದಿ ಮಾತ್ರ ಅಲ್ಲ, ಮನೆಯೇ ಗೊತ್ತಾಗುತ್ತದೆ.

ಐಫೋನ್ ಆದರೆ ಶೇರ್ ಒತ್ತಿದಾಗ ಮೇಲೆ Options ಅಂತ ಬರುತ್ತದೆ, ಅದರಲ್ಲಿ Location ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಲೊಕೇಶನ್ ಆಫ್ ಮಾಡಬಹುದು, ಆದರೆ ಹಳೆಯ ಫೋಟೊಗಳಲ್ಲಿ ಅದು ಹಾಗೇ ಇರುತ್ತದೆ. ಕಂಪ್ಯೂಟರ್ ಇದ್ದರೆ ಫೋಟೊ ಜೊತೆಗಿರುವ ಮಾಹಿತಿ ನೋಡಲು, ಅಳಿಸಲು ಬಳಸುವ ಎಕ್ಸಿಫ್‌ಟೂಲ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು, ಫೋಟೊ ಇರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಹೀಗೆ ಮಾಡಿ:

```
exiftool -all= photo.jpg
exiftool -a -G1 "-gps*" photo.jpg
```

ಮೊದಲ ಸಾಲು ಫೋಟೊ ಜೊತೆಗಿದ್ದ ಮಾಹಿತಿಯನ್ನೆಲ್ಲ ಅಳಿಸುತ್ತದೆ. ಎರಡನೆಯದು ಏನೂ ತೋರಿಸದಿದ್ದರೆ ಜಿಪಿಎಸ್ ಹೋಗಿದೆ ಅಂತ. ಫೋಟೊ ಅಡ್ಡಡ್ಡ ತಿರುಗಿದರೆ ಗಾಬರಿ ಬೇಡ, ಯಾವ ಕಡೆ ನೇರ ಅನ್ನುವ ಮಾಹಿತಿಯೂ ಅಳಿಸಿರುತ್ತದೆ, ತಿರುಗಿಸಿ ಸೇವ್ ಮಾಡಿ. `photo.jpg_original` ಅಂತ ಇನ್ನೊಂದು ಫೈಲ್ ಉಳಿಯುತ್ತದೆ, ಅದರಲ್ಲಿ ಲೊಕೇಶನ್ ಹಾಗೇ ಇರುತ್ತದೆ. ಅದನ್ನು ಯಾರಿಗೂ ಕಳಿಸಬೇಡಿ. ವಾಟ್ಸಾಪ್‌ನಲ್ಲೂ ಫೋಟೊ ಆಗಿ ಕಳಿಸಿದರೆ ಲೊಕೇಶನ್ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ.

ಇನ್ನು ಚಿತ್ರದಲ್ಲೇ ಕಾಣುವುದನ್ನು ಯಾವ ಕಮಾಂಡೂ ಅಳಿಸಲ್ಲ. ನನ್ನ ತಂಗಿ ಮಗನ ಕಾರ್ಟೂನ್‌ನಲ್ಲಿ ಮುಖ ಗೊಂಬೆಯ ಹಾಗಾಗಿತ್ತು. ಆದರೆ ಯೂನಿಫಾರಂ ಟೈ, ಕೊರಳಿನ ಐಡಿ ಕಾರ್ಡ್ ದಾರ, ಹಿಂದಿನ ಅಂಗಡಿ ಬೋರ್ಡು ಎಲ್ಲಾ ಸ್ಪಷ್ಟವಾಗಿದ್ದವು. ಅವನು ಯಾವ ಶಾಲೆಗೆ ಹೋಗುತ್ತಾನೆ ಅಂತ ಊರಿನವರು ನೋಡಿದ ತಕ್ಷಣ ಹೇಳಬಹುದು. ಅದಕ್ಕೇ ನಾವು ಮೂಲ ಫೋಟೊವನ್ನೇ ಬೋರ್ಡು, ಟೈ ಕಾಣದ ಹಾಗೆ ಕತ್ತರಿಸಿ, ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮಾತ್ರ ಆ್ಯಪ್‌ಗೆ ಕೊಟ್ಟೆವು.

ಮುಖದ ವಿಷಯಕ್ಕೂ ಅಷ್ಟೇ. ಕಾರ್ಟೂನ್ ಆದ ಮೇಲೆ ಮಸುಕು ಮಾಡಿದರೆ ಆ್ಯಪ್‌ಗೆ ಹೋದ ಮುಖ ವಾಪಸ್ ಬರಲ್ಲ. ಮಗು ಕೇಕ್ ಕಡೆ ಬಗ್ಗಿರುವ ಅಥವಾ ಬೆನ್ನು ತೋರಿಸಿರುವ ಫೋಟೊ ಇದ್ದರೆ ಅದನ್ನೇ ಕೊಡಿ. ಫೋಟೊದಲ್ಲಿ ಬೇರೆಯವರ ಮಕ್ಕಳಿದ್ದರೆ ಅವರಪ್ಪ ಅಮ್ಮನನ್ನು ಕೇಳಿ. ಒಪ್ಪದಿದ್ದರೆ ಆ ಮಕ್ಕಳಿಲ್ಲದ ಫೋಟೊ ಆರಿಸಿ. ಮಗಳಿಗೆ ಐದಾರು ವರ್ಷ ಆಗಿದ್ದರೆ ಅವಳನ್ನೂ ಕೇಳಿ, ಬೇಡ ಅಂದರೆ ಮನೆಯವರ ಗ್ರೂಪಿಗೆ ಮಾತ್ರ ಹಾಕಿ.