ಕೈಯಿಂದ ಮಾಡಿದ ಸೋಪಿಗೆ ಎರಡು ನಿಮಿಷದ ಜಾಹೀರಾತು

ಪ್ರಶ್ನೆ: ದಾವಣಗೆರೆಲಿ ಮನೇಲೇ ಕೊಬ್ಬರಿ ಎಣ್ಣೆ ಸೋಪು, ಬೇವಿನ ಸೋಪು ಮಾಡಿ ಮಾರೋಕೆ ಹೊರಟಿದೀನಿ. ಒಂದಕ್ಕೆ 120 ರೂಪಾಯಿ. ಲಾಂಚ್‌ಗೆ ಎರಡು ನಿಮಿಷದ ವಿಡಿಯೋ ಮಾಡಿಸ್ಬೇಕು, ಸ್ಕ್ರಿಪ್ಟ್ ಹೆಂಗೆ ಬರೆಯೋದು?

ನಿಮ್ಮ ಸ್ಕ್ರಿಪ್ಟಿಗೆ ಬೇಕಾದ ವಸ್ತು ನಿಮ್ಮ ಬೆಲೆಯಲ್ಲೇ ಇದೆ. ಇಲ್ಲಿನ ಅಂಗಡಿಗಳಿಗೆ, ಹೊಸದಾಗಿ ಶುರು ಮಾಡಿದವರಿಗೆ ಸಣ್ಣ ಜಾಹೀರಾತು ಬರೆದುಕೊಡೋದು ನನ್ನ ಕೆಲಸ. ನಿಮ್ಮ ಸೋಪು ಕೈಗೆ ತಗೊಂಡವರು ಮೊದಲು ಕೇಳೋದು ಪರಿಮಳದ ಬಗ್ಗೆ ಅಲ್ಲ, "ಇಷ್ಟ್ಯಾಕೆ?" ಅಂತ. ಎರಡು ನಿಮಿಷ ಪೂರ್ತಿ ಅದೊಂದಕ್ಕೇ ಉತ್ತರ ಆಗಲಿ. ನಿಮ್ಮ ಕನಸು, ಹೆಸರಿಟ್ಟ ಕಥೆ ಎಲ್ಲ ಬೇರೆ ವಿಡಿಯೋಕ್ಕಿರಲಿ.

ಉತ್ತರ ನಿಮ್ಮ ಮನೆಯ ಕಪಾಟಿನಲ್ಲೇ ಇದೆ. ಕುದಿಸದೆ ಮಾಡೋ ಕೋಲ್ಡ್ ಪ್ರೊಸೆಸ್ ಸೋಪು ಅಚ್ಚಿನಿಂದ ಒಂದೆರಡು ದಿನಕ್ಕೆ ಹೊರಗೆ ಬರುತ್ತೆ, ಆದ್ರೆ ನಾಲ್ಕರಿಂದ ಆರು ವಾರ ಗಾಳೀಲಿ ಒಣಗಬೇಕು. ಒಳಗಿನ ನೀರು ಆರಿ ಗಟ್ಟಿಯಾದ್ರೇನೇ ಬಚ್ಚಲಲ್ಲಿ ಬೇಗ ಕರಗಲ್ಲ. ಈ ಕಾಯುವಿಕೆ ಕಣ್ಣಿಗೆ ಕಾಣೋ ಹಾಗೆ ಮಾಡಿದ್ರೆ ಬೆಲೆ ತಾನಾಗೇ ಅರ್ಥ ಆಗುತ್ತೆ. ನಾನಾದ್ರೆ ಹೀಗೆ ಬರೀತೀನಿ:

0–12 ಸೆಕೆಂಡ್. ಮಾತಿಲ್ಲ, ಸಂಗೀತವೂ ಇಲ್ಲ. ಇಟ್ಟಿಗೆಯಷ್ಟು ಉದ್ದದ ಸೋಪಿನ ಗಟ್ಟಿ, ಅದರ ಮೇಲೆ ನಿಧಾನಕ್ಕೆ ಇಳಿಯೋ ಚಾಕು. ಒಂದು ತುಂಡು ಪಕ್ಕಕ್ಕೆ ವಾಲುತ್ತೆ. ಚಾಕು ಹಲಗೆಗೆ ತಾಗೋ ಸದ್ದು ಕೇಳಬೇಕು.

12–30. ಪಕ್ಕದ ಮನೆ ಗೌರಕ್ಕ ಬಾಗಿಲಲ್ಲಿ.
ಗೌರಕ್ಕ: "ಏನವ್ವಾ, ಒಂದಕ್ಕೆ ನೂರಿಪ್ಪತ್ತಾ? ಅಷ್ಟು ದುಡ್ಡಿಗೆ ಅಂಗಡೀಲಿ ಮೂರು ಬರ್ತವಲ್ಲೇ!"
ನೀವು: "ಬರ್ತವೆ ಗೌರಕ್ಕ. ಒಳಗ್ ಬಾ, ತೋರಿಸ್ತೀನಿ."

30–70. ಕೊಬ್ಬರಿ ಎಣ್ಣೆ ತೂಗೋದು, ಕಾಸ್ಟಿಕ್ ಸೋಡಾ ನೀರಿಗೆ ಹಾಕೋದು, ಎರಡನ್ನೂ ಸೇರಿಸಿ ತಿರುವೋದು. ಆ ಮಿಶ್ರಣ ಚಮಚದಿಂದ ಬಿದ್ದಾಗ ಮೇಲೆ ಗೆರೆ ನಿಲ್ಲುತ್ತಲ್ಲ, ಅಲ್ಲಿ ಕ್ಯಾಮರಾ ಹತ್ತಿರ ಹೋಗಲಿ.
ನೀವು: "ಈ ಗೆರೆ ಮೂಡೋತನಕ ಬಿಡಂಗಿಲ್ಲ. ಆಮೇಲೆ ಅಚ್ಚಿಗೆ."

70–98. ಕಪಾಟು. ಪ್ರತಿ ಸಾಲಿಗೂ ಪೆನ್ನಲ್ಲಿ ತಾರೀಕು ಬರೆದ ಚೀಟಿ. ಗೌರಕ್ಕ ಬಗ್ಗಿ ಓದ್ತಾಳೆ.
ಗೌರಕ್ಕ: "ಇದು ಹೋದ್ ತಿಂಗಳದ್ದಲ್ವಾ! ಇನ್ನೂ ಯಾಕ್ ಮಾರಿಲ್ಲ?"
ನೀವು: "ಒಣಗ್ಲಿ ಅಂತ. ಹಸಿ ಇದ್ರೆ ಎರಡೇ ವಾರಕ್ಕೆ ಕರಗಿ ಹೋಗುತ್ತೆ, ನೀನೇ ಬಂದು ಬೈತೀಯ."

98–110. ಗೌರಕ್ಕ ಕೈ ತೊಳೀತಾಳೆ, ಮೂಸಿ ನೋಡ್ತಾಳೆ. "ಎರಡು ಕೊಡು. ಬೇವಿಂದೂ ಒಂದಿರ್ಲಿ."

110–120. ಹೆಸರು, ಬೆಲೆ, ಫೋನ್ ನಂಬರ್. ಹತ್ತು ಸೆಕೆಂಡೂ ಅಲುಗಾಡದೆ ನಿಲ್ಲಬೇಕು, ಯಾರೋ ಪೆನ್ನು ಹುಡುಕ್ತಿರ್ತಾರೆ.

ಮಾತು ಇಷ್ಟೇನಾ ಅನ್ನಿಸಬಹುದು. ಕನ್ನಡದ ಪದಗಳು ಉದ್ದ, ನಿಮಿಷಕ್ಕೆ ನೂರು ಪದ ದಾಟಿದ್ರೆ ಆಗಲೇ ಓಡಿದಂತೆ ಕೇಳುತ್ತೆ. ಸ್ಟಾಪ್‌ವಾಚ್ ಇಟ್ಕೊಂಡು ಜೋರಾಗಿ ಓದಿ ನೋಡಿ. ಹೆಚ್ಚಾದ್ರೆ ಎಣ್ಣೆ ತೂಗೋ ಭಾಗ ಕತ್ತರಿಸಿ, ಮೊದಲ ಹನ್ನೆರಡು ಸೆಕೆಂಡ್ ಮಾತ್ರ ಮುಟ್ಟಬೇಡಿ. ಎಷ್ಟೋ ಜನ ಸೌಂಡ್ ಆಫ್ ಮಾಡಿ ನೋಡೋದ್ರಿಂದ ಗೌರಕ್ಕನ ಮಾತೆಲ್ಲ ಕೆಳಗೆ ಅಕ್ಷರದಲ್ಲೂ ಬರಲಿ.

ಒಂದೇ ದಿನದ ಶೂಟಿಂಗ್ ಅಂತ ಕ್ಯಾಮರಾದವರಿಗೆ ಒಪ್ಕೋಬೇಡಿ. ಅಚ್ಚಿಗೆ ಹುಯ್ಯೋದು ಒಂದು ದಿನ, ಸೋಪು ಕತ್ತರಿಸೋದು ಇನ್ನೊಂದು ದಿನ. ಕಪಾಟಿನ ದೃಶ್ಯಕ್ಕೆ ಒಣಗಿದ ಹಳೇ ಬ್ಯಾಚ್ ಬೇಕೇ ಬೇಕು. ನಿಮ್ಮ ಹತ್ರ ಈಗ ಹೊಸ ಬ್ಯಾಚ್ ಒಂದೇ ಇದ್ರೆ ಲಾಂಚ್ ತಾರೀಕನ್ನೇ ಮುಂದಕ್ಕೆ ಹಾಕಿ. ಕಾಸ್ಟಿಕ್ ಸೋಡಾ ದೃಶ್ಯದಲ್ಲಿ ಕೈಗವಸು, ಕನ್ನಡಕ ಹಾಕ್ಕೊಳ್ಳಿ, ಪುಡಿ ನೀರಿಗೆ ಬೀಳಬೇಕೇ ಹೊರತು ನೀರು ಪುಡಿಗೆ ಬೀಳಬಾರದು. ನೋಡಿದವರು ಮನೇಲಿ ಅದನ್ನೇ ಮಾಡ್ತಾರೆ.

"ಕೆಮಿಕಲ್ ಇಲ್ಲ" ಅಂತ ಎಲ್ಲೂ ಬರೀಬೇಡಿ. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪೇ ಆಗಲ್ಲ, ಅಳತೆ ಸರಿ ಇದ್ರೆ ಅದು ಎಣ್ಣೆ ಜೊತೆ ಸೇರಿ ಸೋಪಾಗಿಬಿಡುತ್ತೆ, ಕೊನೇಲಿ ಉಳಿಯಲ್ಲ. ಅದನ್ನ ಮುಚ್ಚಿಡದೆ ತೋರಿಸಿದ್ರೇ ನಂಬಿಕೆ ಬರುತ್ತೆ. ಬೇವಿನ ಸೋಪು ಕಜ್ಜಿ ವಾಸಿ ಮಾಡುತ್ತೆ ಅನ್ನೋ ಮಾತೂ ಬೇಡ. ಸೋಪು ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ, ರೋಗ ವಾಸಿ ಮಾಡುತ್ತೆ ಅಂದ್ರೆ ಔಷಧಿಯ ಲೆಕ್ಕಕ್ಕೆ ಹೋಗಿ ತೊಂದರೆ. ಮಾರಾಟಕ್ಕೆ ಸೋಪು ಮಾಡೋಕೂ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ತಯಾರಿಕಾ ಲೈಸೆನ್ಸ್ ಬೇಕು, ರಾಜ್ಯದ ಔಷಧ ನಿಯಂತ್ರಣ ವಿಭಾಗದಲ್ಲಿ ಅರ್ಜಿ ಹಾಕಬೇಕು. ಅದು ಕೈಗೆ ಬಂದ ಮೇಲೆ ಲೇಬಲ್ ಪ್ರಿಂಟ್ ಮಾಡಿಸಿ, ಲೇಬಲ್ ಆದ ಮೇಲೆ ಕೊನೆಯ ಹತ್ತು ಸೆಕೆಂಡ್ ಶೂಟ್ ಮಾಡಿ.