ಡೆಮೊ ಕ್ಲಾಸ್‌ಗೆ ಪಿಪಿಟಿ ಮಾಡಬೇಕಾ, ಚಾರ್ಟಾ?

ಪ್ರಶ್ನೆ: ಮುಂದಿನ ವಾರ ಒಂದು ಶಾಲೆಯಲ್ಲಿ ಗಣಿತ ಟೀಚರ್ ಇಂಟರ್‌ವ್ಯೂ ಇದೆ. 15 ನಿಮಿಷದ ಡೆಮೊ, ಜೊತೆಗೆ ಪ್ಯಾನೆಲ್‌ಗೆ ಲೆಸನ್ ಪ್ಲಾನ್ ಕೊಡಬೇಕು. ಪಿಪಿಟಿ ಮಾಡಲಾ, ಚಾರ್ಟ್ ಮಾಡಲಾ? ಯಾವುದು ಅವರಿಗೆ ಇಷ್ಟ ಆಗುತ್ತೆ?

ಎರಡೂ ಬೇಡ. ನಾನು ಎರಡನ್ನೂ ಹೊತ್ತುಕೊಂಡು ಹೋಗಿ ಕೆಲಸ ಕಳೆದುಕೊಂಡವಳು.

ಬಿ.ಎಡ್. ಮುಗಿದ ಹೊಸತು. ಐದನೇ ಕ್ಲಾಸಿಗೆ ಭಿನ್ನರಾಶಿ ಮಾಡಿ ಅಂದಿದ್ದರು. ಕಾಲೇಜಿನಲ್ಲಿ ಕಲಿಸಿದ ಹಾಗೆ ನಾಲ್ಕು ಪುಟದ ಪಾಠ ಯೋಜನೆ ಬರೆದೆ. ಪೀಠಿಕೆ, ಅಂಶ, ಛೇದ, ಸಮ, ವಿಷಮ, ಮಿಶ್ರ, ಕೊನೆಗೆ ಹೋಲಿಕೆ. ನಲವತ್ತು ನಿಮಿಷದ ಪಾಠವನ್ನು ಹದಿನೈದಕ್ಕೆ ಹಿಂಡಿದ್ದೆ. ವೇಗವಾಗಿ ಮಾತಾಡಿದರೆ ಮುಗಿಯುತ್ತೆ ಅಂದುಕೊಂಡಿದ್ದೆ, ಮುಗಿದೂ ಮುಗಿಯಿತು. ಪ್ರತಿ ಎರಡು ನಿಮಿಷಕ್ಕೆ "ಅರ್ಥ ಆಯ್ತಾ ಮಕ್ಕಳೇ?" ಅಂತ ಕೇಳಿದೆ. "ಆಯ್ತು ಮಿಸ್" ಅಂದರು.

ಹೆಡ್‌ಮಿಸ್ ನನ್ನ ಪ್ಲಾನ್ ತಿರುವಿಹಾಕಿ, "ಮಕ್ಕಳು ಭಿನ್ನರಾಶಿಯನ್ನು ಅರ್ಥಮಾಡಿಕೊಳ್ಳುವರು ಅಂತ ಬರೆದಿದ್ದೀರಿ. ಅರ್ಥ ಮಾಡಿಕೊಂಡರು ಅಂತ ಹೇಗೆ ಗೊತ್ತಾಯ್ತು?" ಅಂದರು. "ಎಲ್ಲರೂ ಆಯ್ತು ಅಂದ್ರಲ್ಲ ಮೇಡಂ" ಅಂದೆ. ಅವರು ಎರಡನೇ ಬೆಂಚಿನ ಹುಡುಗನನ್ನು ಎಬ್ಬಿಸಿ, "1/4, 1/8ರಲ್ಲಿ ಯಾವುದು ದೊಡ್ಡದಪ್ಪಾ?" ಅಂತ ಕೇಳಿದರು. "1/8 ಮಿಸ್. ಎಂಟು ದೊಡ್ಡದಲ್ವಾ?"

ನನ್ನ ತಪ್ಪು ಅಲ್ಲೇ ಇತ್ತು. ವಿಷಯ ಜಾಸ್ತಿ ಆಗಿದ್ದು ಅದರ ಬಾಲ ಅಷ್ಟೆ. "ಅರ್ಥಮಾಡಿಕೊಳ್ಳುವರು" ಅನ್ನೋದು ಕಣ್ಣಿಗೆ ಕಾಣುವ ಕೆಲಸ ಅಲ್ಲ. ಅಂಥ ಗುರಿ ಬರೆದರೆ ಏನು ಪರೀಕ್ಷಿಸಬೇಕು ಅಂತ ನಿಮಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ಏನನ್ನು ಬಿಡಬೇಕು ಅಂತಲೂ ತಿಳಿಯುವುದಿಲ್ಲ. ಆಗ ಇಡೀ ಪಾಠ ತುರುಕುತ್ತೀರಿ. "1/4, 1/8ರಲ್ಲಿ ದೊಡ್ಡದನ್ನು ಗುರುತಿಸಿ ಕಾರಣ ಹೇಳುವರು" ಅಂತ ಒಂದೇ ಸಾಲು ಬರೆದಿದ್ದರೆ ಮಿಶ್ರ ಭಿನ್ನರಾಶಿ ತಾನಾಗೇ ಬಿದ್ದು ಹೋಗುತ್ತಿತ್ತು. ಆ ಹುಡುಗನ ತಪ್ಪು ತುಂಬಾ ಮಕ್ಕಳು ಮಾಡುವ ತಪ್ಪು. ಅದನ್ನೇ ಹಿಡಿದು ಪಾಠ ಕಟ್ಟಬಹುದಿತ್ತು.

ಮುಂದಿನ ಇಂಟರ್‌ವ್ಯೂಗೆ ಅದನ್ನೇ ಮಾಡಿದೆ. ಮೊದಲು ಶಾಲೆಗೆ ಫೋನ್ ಮಾಡಿ, ನಿಜವಾದ ಮಕ್ಕಳು ಇರುತ್ತಾರಾ ಅಥವಾ ಪ್ಯಾನೆಲ್‌ನವರೇ ಮಕ್ಕಳ ಹಾಗೆ ಕೂರುತ್ತಾರಾ ಅಂತ ಕೇಳಿದೆ. ಪ್ಯಾನೆಲ್ ಮಾತ್ರ ಅಂದರು. ಪ್ಲಾನ್ ಒಂದೇ ಪುಟ, ಪ್ರತಿಯೊಬ್ಬರಿಗೂ ಒಂದು ಪ್ರತಿ. ಮೇಲೆ ಗುರಿಯ ಸಾಲು. ಕೆಳಗೆ ಮೂರು ಕಾಲಂ: ನಿಮಿಷ, ನಾನು ಏನು ಮಾಡುತ್ತೇನೆ, ಮಕ್ಕಳು ಏನು ಮಾಡುತ್ತಾರೆ. ಮೂರನೇ ಕಾಲಂನಲ್ಲಿ "ಕೇಳುತ್ತಾರೆ" ಅಂತಲೇ ಬರುತ್ತಿದ್ದರೆ ಪಾಠ ಕೆಟ್ಟಿದೆ ಅಂತ ತಿಳಿಯಿರಿ.

ಮೊದಲ ಎರಡು ನಿಮಿಷ ಬರೀ ಪ್ರಶ್ನೆ. ಒಂದೇ ಅಳತೆಯ ಎರಡು ಹೋಳಿಗೆ. ಒಂದನ್ನು ನಾಲ್ಕು ಜನ, ಇನ್ನೊಂದನ್ನು ಎಂಟು ಜನ ಸಮನಾಗಿ ಹಂಚಿಕೊಂಡರೆ ಯಾರಿಗೆ ದೊಡ್ಡ ಚೂರು? ಉತ್ತರ ಊಹಿಸಿ ಬರೆದಿಡಬೇಕು, ನಾನು ಸರಿ ತಪ್ಪು ಹೇಳುವುದಿಲ್ಲ. ಮುಂದಿನ ಆರು ನಿಮಿಷ ಕಾಗದದ ಪಟ್ಟಿ. ಎಲ್ಲರಿಗೂ ಒಂದೇ ಉದ್ದದ ಎರಡೆರಡು ಪಟ್ಟಿ. ಒಂದನ್ನು ಎರಡು ಸಲ ಮಡಚಿದರೆ ಕಾಲು, ಇನ್ನೊಂದನ್ನು ಮೂರು ಸಲ ಮಡಚಿದರೆ ಅರೆಕಾಲು. ಬಿಚ್ಚಿ ಒಂದರ ಮೇಲೊಂದು ಇಟ್ಟು ನೋಡಬೇಕು. 1/3 ಬೇಕಂತಲೇ ಬಿಟ್ಟೆ, ಮೂರು ಸಮ ಭಾಗವಾಗಿ ಮಡಚುವುದರಲ್ಲೇ ಸಮಯ ಹೋಗುತ್ತದೆ. ಪಟ್ಟಿಗಳನ್ನು ಹಿಂದಿನ ರಾತ್ರಿಯೇ ಸ್ಕೇಲ್ ಇಟ್ಟು ಕತ್ತರಿಸಿಕೊಳ್ಳಿ. ಉದ್ದ ಹೆಚ್ಚುಕಮ್ಮಿ ಆದರೆ ಹೋಲಿಕೆಯೇ ಸುಳ್ಳಾಗುತ್ತೆ.

ನಂತರದ ಮೂರು ನಿಮಿಷ "ಭಾಗ ಹೆಚ್ಚಾದಷ್ಟೂ ಚೂರು ಸಣ್ಣದು" ಅನ್ನೋದನ್ನು ಅವರ ಬಾಯಲ್ಲೇ ಹೇಳಿಸುವುದು. ಮತ್ತೆ ಮೂರು ನಿಮಿಷ ಚೀಟಿ: 1/5, 1/10ರಲ್ಲಿ ಯಾವುದು ದೊಡ್ಡದು, ಏಕೆ? ಇದನ್ನು ಮಡಚಿ ನೋಡಿಲ್ಲ, ಹಾಗಾಗಿ ಬಾಯಿಪಾಠದ ಉತ್ತರ ನಡೆಯುವುದಿಲ್ಲ. ಕೊನೆಯ ಒಂದು ನಿಮಿಷ ಖಾಲಿ ಬಿಟ್ಟಿದ್ದೆ.

ಪುಟದ ಅಡಿಯಲ್ಲಿ ಇನ್ನೆರಡು ಸಾಲು. ಅರ್ಧಕ್ಕಿಂತ ಜಾಸ್ತಿ ಚೀಟಿ ತಪ್ಪಾದರೆ ನಾಳೆ ಮತ್ತೆ ಪಟ್ಟಿಯಿಂದಲೇ ಶುರು. 3/8, 1/4ರಂಥ ಹೋಲಿಕೆ ಇವತ್ತು ಇಲ್ಲ, ಏಕೆಂದರೆ ಮೇಲಿನ ಅಂಕಿ ಬೇರೆ ಆದಾಗ ಈ ನಿಯಮ ಸಾಲುವುದಿಲ್ಲ. ಪ್ಯಾನೆಲ್‌ನವರು ಜಾಸ್ತಿ ಹೊತ್ತು ಮಾತಾಡಿದ್ದು ಈ ಎರಡು ಸಾಲಿನ ಮೇಲೇ.

ಮಧ್ಯೆ ಒಬ್ಬ ಸರ್ ತುಂಟ ಹುಡುಗನ ಹಾಗೆ, "ಮಿಸ್, ನನ್ನ ಅರೆಕಾಲೇ ದೊಡ್ಡದಿದೆ" ಅಂದರು. ನೋಡಿದರೆ ಪಕ್ಕದವರ ಪಟ್ಟಿಯನ್ನು ಮೆಲ್ಲಗೆ ಹರಿದು ಗಿಡ್ಡ ಮಾಡಿದ್ದಾರೆ! "ಸರ್, ನಿಮ್ಮ ಹೋಳಿಗೆ ಅವರದಕ್ಕಿಂತ ದೊಡ್ಡದು" ಅಂದೆ. ಎಲ್ಲರೂ ನಕ್ಕರು. ಜೂನ್‌ನಲ್ಲಿ ಆ ಶಾಲೆಗೆ ಸೇರಿದೆ.