ಗಾಬರಿಯ ಚಾಟ್ ಸಂದೇಶವನ್ನು ಭದ್ರತಾ ಸೂಚನೆಯಾಗಿ ತಿದ್ದುವುದು ಹೇಗೆ?

ಪ್ರಶ್ನೆ: ಪಾಸ್‌ವರ್ಡ್ ಅವಧಿ ಮುಗಿಯುತ್ತಿದೆ ಅಂತ ಹೇಳಿಕೊಂಡು ನಮ್ಮ ಆಫೀಸಿಗೆ ಒಂದು ಫಿಶಿಂಗ್ ಮೇಲ್ ಬಂದಿದೆ. ಗ್ರೂಪಿಗೆ ಹಾಕೋಣ ಅಂತ ಹೀಗೆ ಬರೆದೆ: "ಅಯ್ಯೋ ಎಲ್ಲರೂ ನೋಡಿ!!! ಡೇಂಜರ್ ಮೇಲ್ ಒಂದು ಬಂದಿದೆ, ಓಪನ್ ಮಾಡ್ಲೇಬೇಡಿ, ತಕ್ಷಣ ಡಿಲೀಟ್ ಮಾಡಿ! ಯಾರೋ ಆಗ್ಲೇ ಕ್ಲಿಕ್ ಮಾಡ್ಬಿಟ್ಟಿದ್ದಾರಂತೆ, ಯಾರಪ್ಪಾ ಅದು?? ಎಲ್ಲರೂ ಪಾಸ್‌ವರ್ಡ್ ಚೇಂಜ್ ಮಾಡ್ಕೊಳ್ಳಿ!!!" ಮ್ಯಾನೇಜರ್ ಇದನ್ನು ಸರಿಯಾದ ಸೂಚನೆಯಾಗಿ ಬರೆಯಿರಿ ಅಂದರು. ಹೇಗೆ ಬರೆಯಲಿ?

ಉತ್ತರ:

ಆಶ್ಚರ್ಯಸೂಚಕಗಳನ್ನು ತೆಗೆದು "ದಯವಿಟ್ಟು" ಸೇರಿಸಿದರೆ ಈ ಕರಡು ಸರಿಹೋಗುವುದಿಲ್ಲ, ಏಕೆಂದರೆ ಇದರಲ್ಲಿರುವ ನಾಲ್ಕು ಮಾತುಗಳೂ ಓದುವವರನ್ನು ತಪ್ಪು ಕಡೆಗೆ ಕಳುಹಿಸುತ್ತವೆ.

ಎಲ್ಲಕ್ಕಿಂತ ಅಪಾಯದ ಮಾತು ಕೊನೆಯದು. ಬಂದಿರುವ ಮೇಲ್ "ನಿಮ್ಮ ಪಾಸ್‌ವರ್ಡ್ ಬದಲಿಸಿ" ಎನ್ನುತ್ತಿದೆ. ನೀವೂ "ಎಲ್ಲರೂ ಪಾಸ್‌ವರ್ಡ್ ಬದಲಿಸಿ" ಎನ್ನುತ್ತಿದ್ದೀರಿ. ಗಡಿಬಿಡಿಯಲ್ಲಿರುವ ಉದ್ಯೋಗಿ ನಿಮ್ಮ ಸಂದೇಶವನ್ನು ಓದಿ, ಬದಲಿಸುವ ಪುಟ ಎಲ್ಲಿದೆ ಎಂದು ಹುಡುಕುತ್ತಾ ಇನ್‌ಬಾಕ್ಸಿಗೆ ಹೋದರೆ, ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ ಮೋಸದ ಮೇಲ್. ಪಾಸ್‌ವರ್ಡ್ ಬದಲಿಸಬೇಕಾದವರು ಅದನ್ನು ಆ ಮೇಲ್‌ನ ಲಿಂಕ್ ತೆರೆಯುವ ನಕಲಿ ಪುಟದಲ್ಲಿ ಟೈಪ್ ಮಾಡಿದವರು ಮಾತ್ರ, ಅದೂ ಎಲ್ಲಿ ಬದಲಿಸಬೇಕೆಂದು ತಿಳಿದುಕೊಂಡ ಮೇಲೆ.

"ಓಪನ್ ಮಾಡ್ಲೇಬೇಡಿ" ಎಂದರೆ ಈಗಾಗಲೇ ಮೇಲ್ ತೆರೆದು ಓದಿದ ಹತ್ತಾರು ಮಂದಿ ಹೆದರಿ ಒಟ್ಟಿಗೇ ಕರೆ ಮಾಡುತ್ತಾರೆ. ಇಂಥ ಮೇಲ್‌ನಲ್ಲಿ ತೆರೆದು ಓದಿದ್ದರಿಂದ ಪಾಸ್‌ವರ್ಡ್ ಹೋಗುವುದಿಲ್ಲ. ಲಿಂಕ್ ಒತ್ತಿ, ತೆರೆದುಕೊಂಡ ಪುಟದಲ್ಲಿ ವಿವರ ತುಂಬಿದಾಗ ಹೋಗುತ್ತದೆ. ಇನ್ನು "ತಕ್ಷಣ ಡಿಲೀಟ್ ಮಾಡಿ" ಎಂದರೆ ತನಿಖೆಗೆ ಬೇಕಾದ ವಸ್ತುವೇ ಕೈತಪ್ಪಬಹುದು. ಮೇಲ್ ಯಾವ ಸರ್ವರ್‌ಗಳನ್ನು ಹಾದು ಬಂತು ಎಂಬ ವಿವರ ಅದರ ಹೆಡರ್‌ನಲ್ಲಿರುತ್ತದೆ, ಮಾಮೂಲಿಯಾಗಿ ಫಾರ್ವರ್ಡ್ ಮಾಡಿದರೆ ಅದು ಉಳಿಯುವುದಿಲ್ಲ. ಆದ್ದರಿಂದ ಮೇಲ್ ಕಿಂಡಿಯಲ್ಲಿರುವ ರಿಪೋರ್ಟ್ ಗುಂಡಿಯನ್ನು ಒತ್ತಿಸಬೇಕು, ಅದಿಲ್ಲದಿದ್ದರೆ ಮೂಲ ಮೇಲನ್ನು ಲಗತ್ತಾಗಿ ಕಳುಹಿಸಲು ಹೇಳಬೇಕು.

"ಯಾರಪ್ಪಾ ಅದು" ಎಂಬ ಮಾತಿನ ಬೆಲೆಯನ್ನು ನಾನೇ ತೆತ್ತಿದ್ದೇನೆ. ಹಿಂದಿನ ಕೆಲಸದಲ್ಲಿ ನಾನೂ ಹೆಚ್ಚುಕಡಿಮೆ ಹೀಗೆಯೇ ಬರೆದು ಗ್ರೂಪಿಗೆ ಹಾಕಿದ್ದೆ. ಅರ್ಧ ಗಂಟೆಯೊಳಗೆ ಇಬ್ಬರು "ಇದೇ ಮೇಲಾ ಸಾರ್?" ಎಂದು ಮೇಲನ್ನು ಲಿಂಕ್ ಸಮೇತ ಅದೇ ಗ್ರೂಪಿಗೆ ಹಾಕಿದರು, ಅಲ್ಲಿಂದ ಮತ್ತೊಬ್ಬರು ಅದನ್ನು ಒತ್ತಿದರು. ಮೊದಲು ಪಾಸ್‌ವರ್ಡ್ ಕೊಟ್ಟಿದ್ದವರು ಮಾತ್ರ ಬಾಯಿಬಿಡಲೇ ಇಲ್ಲ. ಮರುದಿನ ಅವರ ಹೆಸರಿನಿಂದ ಹೊರಗಿನವರಿಗೆ ಮೇಲ್‌ಗಳು ಹೋಗತೊಡಗಿದಾಗಲೇ ನಮಗೆ ವಿಷಯ ಗೊತ್ತಾದದ್ದು.

ನಾನಾದರೆ ಹೀಗೆ ಬರೆಯುತ್ತೇನೆ. ನಿಮ್ಮ ಸಂಸ್ಥೆಯ ಡೊಮೇನ್ `example.com` ಎಂದಿಟ್ಟುಕೊಂಡಿದ್ದೇನೆ. ಸಮಯ ಮತ್ತು ವಿಳಾಸಗಳನ್ನು ನಿಮ್ಮಲ್ಲಿ ಬಂದ ಮೇಲ್ ನೋಡಿ ತುಂಬಿಕೊಳ್ಳಿ.

"ವಿಷಯ: ಪಾಸ್‌ವರ್ಡ್ ಅವಧಿಯ ಹೆಸರಿನಲ್ಲಿ ಬಂದಿರುವ ಮೋಸದ ಮೇಲ್ – ಸಿಬ್ಬಂದಿಯ ಗಮನಕ್ಕೆ

ಇಂದು ಬೆಳಿಗ್ಗೆ 9.40ರಿಂದ ಸಿಬ್ಬಂದಿಯಲ್ಲಿ ಕೆಲವರಿಗೆ 'ನಿಮ್ಮ ಪಾಸ್‌ವರ್ಡ್ ಇಂದು ಸಂಜೆಗೆ ರದ್ದಾಗಲಿದೆ' ಎಂಬ ವಿಷಯವುಳ್ಳ ಮೇಲ್ ಬಂದಿದೆ. ಕಳುಹಿಸಿದವರ ಹೆಸರು 'ಐಟಿ ವಿಭಾಗ' ಎಂದು ಕಾಣುತ್ತದೆಯಾದರೂ ಅದರ ಹಿಂದಿರುವ ವಿಳಾಸ `helpdesk@example[.]net`. ಇದನ್ನು ನಮ್ಮ ಐಟಿ ವಿಭಾಗವು ಕಳುಹಿಸಿಲ್ಲ.

ಈ ಮೇಲ್ ನಿಮಗೆ ಬಂದಿದ್ದರೆ ಅದರಲ್ಲಿರುವ ಲಿಂಕನ್ನು ಒತ್ತಬೇಡಿ, ಮೇಲ್‌ಗೆ ಉತ್ತರಿಸಬೇಡಿ, ಸಹೋದ್ಯೋಗಿಗಳಿಗೆ ಕಳುಹಿಸಬೇಡಿ. ರಿಪೋರ್ಟ್ ಗುಂಡಿಯ ಮೂಲಕ ನಮಗೆ ತಿಳಿಸಿ. ಮೇಲ್ ತೆರೆದು ಓದಿದ್ದೀರಿ, ಆದರೆ ಲಿಂಕ್ ಒತ್ತಿಲ್ಲ ಎಂದಾದರೆ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಬೇಕಾಗಿಲ್ಲ.

ಲಿಂಕ್ ಒತ್ತಿದ್ದರೆ, ಏನನ್ನೂ ತುಂಬದೆ ಪುಟವನ್ನು ಮುಚ್ಚಿದ್ದರೂ ಸಹ, ನಮಗೆ ಕರೆ ಮಾಡಿ. ಪಾಸ್‌ವರ್ಡ್ ಅಥವಾ ಒಟಿಪಿ ನಮೂದಿಸಿದ್ದರೆ ಈ ಸೂಚನೆಯನ್ನು ಓದಿದ ಕೂಡಲೇ ಕರೆ ಮಾಡಿ. ಪಾಸ್‌ವರ್ಡ್ ಬದಲಾವಣೆಯನ್ನೂ ಖಾತೆಯ ಪರಿಶೀಲನೆಯನ್ನೂ ನಿಮ್ಮೊಂದಿಗೆ ಫೋನಿನಲ್ಲೇ ಮಾಡಿಸುತ್ತೇವೆ. ನಮ್ಮ ಸಂಖ್ಯೆ ನಿಮ್ಮ ಗುರುತಿನ ಚೀಟಿಯ ಹಿಂಬದಿಯಲ್ಲಿದೆ. ಬೇಗ ತಿಳಿಸಿದಷ್ಟೂ ಹಾನಿಯನ್ನು ತಡೆಯುವುದು ಸುಲಭ. ತಿಳಿಸಿದವರ ಮೇಲೆ ಯಾವುದೇ ಕ್ರಮ ಜರುಗಿಸುವುದಿಲ್ಲ.

ಉಳಿದವರು ಪಾಸ್‌ವರ್ಡ್ ಬದಲಿಸುವ ಅಗತ್ಯವಿಲ್ಲ. ಮುಂದಿನ ಮಾಹಿತಿಯನ್ನು ಮಧ್ಯಾಹ್ನ 3 ಗಂಟೆಗೆ ತಿಳಿಸುತ್ತೇವೆ."

"ಕ್ರಮ ಜರುಗಿಸುವುದಿಲ್ಲ" ಎಂಬ ವಾಕ್ಯವನ್ನು ಮಾತ್ರ ಮ್ಯಾನೇಜರ್ ಒಪ್ಪಿಗೆಯಿಲ್ಲದೆ ಹಾಕಬೇಡಿ; ನಾಳೆ ಅದು ಸುಳ್ಳಾದರೆ ಮುಂದಿನ ಸಲ ಯಾರೂ ಕರೆ ಮಾಡುವುದಿಲ್ಲ.

ಸೂಚನೆಯಲ್ಲಿ ಒಂದೇ ಒಂದು ಲಿಂಕ್ ಕೂಡ ಇಲ್ಲ ಎಂಬುದನ್ನು ಗಮನಿಸಿರಬಹುದು. "ಪಾಸ್‌ವರ್ಡ್ ಬದಲಿಸಲು ಇಲ್ಲಿ ಒತ್ತಿ" ಎಂದು ಭದ್ರತಾ ಸೂಚನೆಯೇ ಹೇಳತೊಡಗಿದರೆ ಮೋಸದ ಮೇಲ್‌ಗೂ ಅದಕ್ಕೂ ನೋಟದಲ್ಲಿ ವ್ಯತ್ಯಾಸವೇ ಉಳಿಯದು, ಮೋಸಗಾರರು ಅದೇ ಸೂಚನೆಯನ್ನು ನಕಲು ಮಾಡಿ ಎರಡನೆಯ ಮೇಲ್ ಕಳುಹಿಸಲೂ ಬಹುದು. ಫೋನ್ ಸಂಖ್ಯೆಯನ್ನು ಸೂಚನೆಯಲ್ಲೇ ಬರೆಯದೆ ಗುರುತಿನ ಚೀಟಿಯತ್ತ ಬೊಟ್ಟು ಮಾಡಿರುವುದೂ ಇದೇ ಕಾರಣಕ್ಕೆ. ಮೋಸದ ವಿಳಾಸದಲ್ಲಿ ಚುಕ್ಕಿಯನ್ನು ಆವರಣದಲ್ಲಿಟ್ಟರೆ ಅದು ಒತ್ತಬಹುದಾದ ಕೊಂಡಿಯಾಗುವುದಿಲ್ಲ. ಇಡೀ ಲಿಂಕನ್ನೇ ತೋರಿಸಬೇಕಾಗಿ ಬಂದರೆ ಹೀಗೆ ಬರೆಯುವುದು ಭದ್ರತಾ ವಿಭಾಗದವರ ರೂಢಿ:

```
hxxps://example.com.password-check[.]example/login
```

ಇದರ ಆರಂಭದಲ್ಲಿ ನಿಮ್ಮದೇ ಡೊಮೇನ್ ಕಾಣಿಸುತ್ತದೆ, ಅಲ್ಲೇ ಜನ ಮೋಸಹೋಗುವುದು. ಡೊಮೇನನ್ನು ಓದಬೇಕಾದದ್ದು ಎಡದಿಂದಲ್ಲ. `//` ಆದ ಮೇಲೆ ಬರುವ ಮೊದಲ ಓರೆಗೆರೆಯ ಬಳಿ ನಿಂತು ಅಲ್ಲಿಂದ ಎಡಕ್ಕೆ ಓದುತ್ತಾ ಬಂದರೆ, ಈ ಪುಟದ ಒಡೆತನ `password-check[.]example` ಎಂಬುದರದ್ದೆಂದೂ ಮುಂದಿರುವ `example.com` ಬರೀ ಅಲಂಕಾರವೆಂದೂ ತಿಳಿಯುತ್ತದೆ. ಇದನ್ನೆಲ್ಲ ಸೂಚನೆಯಲ್ಲಿ ವಿವರಿಸುವುದು ಬೇಡ, ತುರ್ತಿನ ಹೊತ್ತಿನಲ್ಲಿ ಯಾರೂ ಪಾಠ ಓದುವುದಿಲ್ಲ. ಅಲ್ಲದೆ ಮೊಬೈಲ್‌ನಲ್ಲಿ ಮೇಲ್ ನೋಡುವವರಿಗೆ ಸಾಮಾನ್ಯವಾಗಿ ಕಳುಹಿಸಿದವರ ಹೆಸರಷ್ಟೇ ಕಾಣುತ್ತದೆ, ಪೂರ್ತಿ ವಿಳಾಸಕ್ಕೆ ಆ ಹೆಸರನ್ನು ಒತ್ತಬೇಕು. ಆದ್ದರಿಂದ ಗುರುತು ಹಿಡಿಯಲು ಮೇಲ್‌ನ ವಿಷಯದ ಸಾಲನ್ನು ಅಕ್ಷರಶಃ ಕೊಡುವುದೇ ಹೆಚ್ಚು ಉಪಯುಕ್ತ.

ಒಟಿಪಿ ಇರುವುದರಿಂದ ಪಾಸ್‌ವರ್ಡ್ ಹೋದರೂ ಚಿಂತೆಯಿಲ್ಲ ಎಂದು ಯಾರಾದರೂ ಹೇಳಿದರೆ ಆ ಸಾಲನ್ನು ಸೇರಿಸಬೇಡಿ. ನಕಲಿ ಪುಟವು ನಡುವೆ ನಿಂತು, ನೀವು ಟೈಪ್ ಮಾಡಿದ ಪಾಸ್‌ವರ್ಡನ್ನೂ ಒಟಿಪಿಯನ್ನೂ ಆ ಕ್ಷಣದಲ್ಲೇ ಅಸಲಿ ಪುಟಕ್ಕೆ ದಾಟಿಸಿ, ಲಾಗಿನ್ ಆದ ಸೆಷನ್ನನ್ನು ತನ್ನ ವಶದಲ್ಲಿಟ್ಟುಕೊಳ್ಳಬಲ್ಲದು. ಹೀಗಾದಾಗ ಪಾಸ್‌ವರ್ಡ್ ಬದಲಿಸಿದ ಮೇಲೂ ಆ ಸೆಷನ್ ಜೀವಂತವಾಗಿ ಉಳಿಯುವ ಸಾಧ್ಯತೆಯಿದೆ. ಕರೆ ಮಾಡಿದವರ ಖಾತೆಯಲ್ಲಿ ನಿಮ್ಮ ಐಟಿಯವರು ಎಲ್ಲ ಸೆಷನ್‌ಗಳನ್ನೂ ಕೊನೆಗೊಳಿಸಬೇಕು, ಹೊಸದಾಗಿ ಸೇರಿಸಿದ ಫೋನ್ ಅಥವಾ ಒಟಿಪಿ ಸಾಧನ ಇದೆಯೇ ಎಂದು ನೋಡಬೇಕು, ಬಂದ ಮೇಲ್‌ಗಳನ್ನು ತಾನಾಗಿಯೇ ಹೊರಗೆ ಕಳುಹಿಸುವ ಅಥವಾ ಬಚ್ಚಿಡುವ ನಿಯಮವನ್ನು ಯಾರಾದರೂ ಮಾಡಿಟ್ಟಿದ್ದಾರೆಯೇ ಎಂದು ಹುಡುಕಬೇಕು. ನಮ್ಮಲ್ಲಿ ಬಾಯಿಬಿಡದಿದ್ದವರ ಖಾತೆಯಲ್ಲಿ ಇಂಥದೊಂದು ನಿಯಮವಿತ್ತು: ಹೊರಗಿನವರಿಂದ ಬಂದ "ಇದು ನೀವೇ ಕಳುಹಿಸಿದ್ದಾ?" ಎಂಬ ಉತ್ತರಗಳೆಲ್ಲ ಅವರ ಕಣ್ಣಿಗೆ ಬೀಳದೆ ಒಂದು ಮೂಲೆಯ ಫೋಲ್ಡರಿಗೆ ಹೋಗಿ ಬೀಳುತ್ತಿದ್ದವು.

ಸೂಚನೆಯನ್ನು ಮೇಲ್‌ನಲ್ಲೂ ಗ್ರೂಪಿನಲ್ಲೂ ಒಂದೇ ಪಠ್ಯವಾಗಿ ಹಾಕಿ, ಗ್ರೂಪಿನಲ್ಲಿ ಸಾಧ್ಯವಿದ್ದರೆ ಸ್ವಲ್ಪ ಹೊತ್ತು ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ. ಮೂರು ಗಂಟೆಗೆ ಹೇಳಲು ಹೊಸದೇನೂ ಇಲ್ಲದಿದ್ದರೂ "ಪರಿಶೀಲನೆ ನಡೆಯುತ್ತಿದೆ, ಮುಂದಿನ ಮಾಹಿತಿ 5 ಗಂಟೆಗೆ" ಎಂದಷ್ಟಾದರೂ ಬರೆಯಿರಿ, ಇಲ್ಲವಾದರೆ ಮೂರೂಕಾಲಿಗೆ ಗ್ರೂಪಿನಲ್ಲಿ ಊಹಾಪೋಹ ಶುರುವಾಗಿರುತ್ತದೆ.